ನ್ಯಾಯಾಂಗ ವಿಮರ್ಶೆ ಪ್ರಬಂಧ: ಒಬ್ಬರು 15 ಕೊಟ್ಟರು, ಇನ್ನೊಬ್ಬರು 10. ರೂಬ್ರಿಕ್‌ನಲ್ಲಿ ಎಲ್ಲಿ ಕೊರತೆ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಾನು ಎಲ್‌ಎಲ್‌ಬಿ ತರಗತಿಗೆ ಸಂವಿಧಾನ ಪಾಠ ಮಾಡುತ್ತೇನೆ. ಆಂತರಿಕ ಮೌಲ್ಯಮಾಪನಕ್ಕೆ 20 ಅಂಕದ ಒಂದು ಪ್ರಬಂಧ ಕೊಟ್ಟಿದ್ದೆವು. ಪ್ರಶ್ನೆ ಇದು: ‘ಸಂವಿಧಾನಕ್ಕೆ ತಿದ್ದುಪಡಿ ತಂದು ನ್ಯಾಯಾಂಗ ವಿಮರ್ಶೆಯ ಅಧಿಕಾರವನ್ನೇ ತೆಗೆದುಹಾಕಲು ಸಂಸತ್ತಿಗೆ ಸಾಧ್ಯವೇ? ತೀರ್ಪುಗಳ ಆಧಾರದ ಮೇಲೆ ಚರ್ಚಿಸಿ.’

ಮಕ್ಕಳಿಗೆ ಮೊದಲೇ ರೂಬ್ರಿಕ್ ಹಂಚಿದ್ದೆವು. 17ರಿಂದ 20 ‘ಅತ್ಯುತ್ತಮ ವಿಶ್ಲೇಷಣೆ’, 13ರಿಂದ 16 ‘ಉತ್ತಮ ವಿಶ್ಲೇಷಣೆ’, 10ರಿಂದ 12 ‘ಸಾಧಾರಣ’, 7ರಿಂದ 9 ‘ಕನಿಷ್ಠ ಮಟ್ಟ’, ಅದಕ್ಕಿಂತ ಕೆಳಗೆ ‘ಅಸಮರ್ಪಕ’. ಐದು ಬ್ಯಾಂಡ್. ನೋಡಲು ಅಚ್ಚುಕಟ್ಟಾಗಿತ್ತು.

ಈಗ ಒಂದೇ ಪ್ರಬಂಧಕ್ಕೆ ನಾನು 15 ಕೊಟ್ಟಿದ್ದೇನೆ, ನನ್ನ ಸಹೋದ್ಯೋಗಿ 10 ಕೊಟ್ಟಿದ್ದಾರೆ. ಇಬ್ಬರೂ ಅದೇ ಹಾಳೆಯನ್ನು ಎದುರಿಗಿಟ್ಟುಕೊಂಡೇ ಅಂಕ ಹಾಕಿದ್ದು. ಪ್ರಬಂಧ ಕನ್ನಡದಲ್ಲಿದೆ, ಸುಮಾರು ಆರು ಪುಟ. ವಿದ್ಯಾರ್ಥಿಯ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಮುಖ್ಯ ಭಾಗಗಳನ್ನು ಇಲ್ಲಿ ಹಾಕುತ್ತಿದ್ದೇನೆ.

ಮೊದಲ ಎರಡು ಪುಟ ನ್ಯಾಯಾಂಗ ವಿಮರ್ಶೆ ಎಂದರೇನು, ಅಮೆರಿಕದ 1803ರ ಮಾರ್ಬರಿ ಪ್ರಕರಣ, ನಮ್ಮ 13, 32, 226ನೇ ವಿಧಿಗಳು. ಆಮೇಲೆ ಶಂಕರಿ ಪ್ರಸಾದ್ 1951, ಸಜ್ಜನ್ ಸಿಂಗ್ 1965, ಗೋಲಕನಾಥ್ 1967. ವರ್ಷ, ಪೀಠದ ಗಾತ್ರ ಎಲ್ಲ ಸರಿ ಇದೆ. ಮುಂದಿನದು ಹೀಗಿದೆ:

‘1973ರ ಕೇಶವಾನಂದ ಭಾರತಿ ಪ್ರಕರಣದಲ್ಲಿ 13 ನ್ಯಾಯಮೂರ್ತಿಗಳ ಪೀಠ 7–6 ಬಹುಮತದಿಂದ ಮೂಲ ರಚನೆಯ ಸಿದ್ಧಾಂತವನ್ನು ನೀಡಿತು. ಇದರಿಂದ 24ನೇ ತಿದ್ದುಪಡಿ ರದ್ದಾಯಿತು. ಸ್ವಾಮೀಜಿಯವರಿಗೆ ಜಯ ಸಿಕ್ಕಿತು.’

‘ಮಿನರ್ವಾ ಮಿಲ್ಸ್ ಪ್ರಕರಣದಲ್ಲಿ, 1980ರಲ್ಲಿ, 42ನೇ ತಿದ್ದುಪಡಿ ಸೇರಿಸಿದ್ದ 368(4) ಮತ್ತು 368(5) ಅನ್ನು 4–1ರಿಂದ ರದ್ದು ಮಾಡಲಾಯಿತು. ಸಂಸತ್ತಿಗೆ ಸಿಕ್ಕಿರುವುದೇ ಮಿತಿಯಿರುವ ಅಧಿಕಾರ. ಆ ಅಧಿಕಾರವನ್ನು ಬಳಸಿ ಮಿತಿಯನ್ನೇ ಅಳಿಸಿಹಾಕಲು ಬರುವುದಿಲ್ಲ. ಮಿತಿ ದಾಟಿದ್ದಾರೆಯೇ ಎಂದು ಕೇಳುವ ಕೋರ್ಟ್ ಇಲ್ಲದಿದ್ದರೆ ಮಿತಿ ಇದ್ದೂ ಇಲ್ಲದ ಹಾಗೆ.’

‘ಎಲ್. ಚಂದ್ರಕುಮಾರ್, 1997: ನ್ಯಾಯಮಂಡಳಿಗಳ ಬಗ್ಗೆ. ಐ.ಆರ್. ಕೊಯೆಲ್ಹೋ, 2007: ಒಂಬತ್ತನೇ ಅನುಸೂಚಿಗೆ 2007ರ ನಂತರ ಸೇರಿಸಿದ ಕಾನೂನುಗಳನ್ನು ಕೋರ್ಟ್ ಪರಿಶೀಲಿಸಬಹುದು.’

ಕೊನೆಯ ಸಾಲು: ‘ಹೀಗೆ ನ್ಯಾಯಾಂಗ ವಿಮರ್ಶೆ ಪ್ರಜಾಪ್ರಭುತ್ವದ ಬೆನ್ನೆಲುಬು.’

ನನಗೆ ಮಿನರ್ವಾ ಮಿಲ್ಸ್ ಪ್ಯಾರಾ ಓದಿ ನಿಜಕ್ಕೂ ಖುಷಿ ಆಯಿತು. ಸಹೋದ್ಯೋಗಿ ಹೇಳುವುದು, ‘ಉಳಿದದ್ದೆಲ್ಲ ಪಟ್ಟಿ, ಅದರಲ್ಲೂ ಕೇಶವಾನಂದ ತಪ್ಪು’ ಎಂದು. ಇಬ್ಬರೂ ರೂಬ್ರಿಕ್ ಪ್ರಕಾರವೇ ಹೋಗಿದ್ದೇವೆ. ಏನು ಮಾಡಬೇಕು?

ಬಸು ಧಾರವಾಡ

ಮೇಡಂ, ಇದಕ್ಕೆ ರೂಬ್ರಿಕ್ಕೇ ಬೇಡ. ಸೆಮಿಸ್ಟರ್ ಪೇಪರ್ ತಿದ್ದುವ ಹಾಗೆ ಸ್ಕೀಮ್ ಮಾಡಿಬಿಡಿ. ಪೀಠಿಕೆಗೆ 3, ವಿಧಿಗಳಿಗೆ 4, ಪ್ರಕರಣ ಒಂದಕ್ಕೆ 2ರಂತೆ ಆರು ಪ್ರಕರಣಕ್ಕೆ 12, ಉಪಸಂಹಾರಕ್ಕೆ 1. ಇಬ್ಬರು ತಿದ್ದಿದರೂ ಒಂದು ಅಂಕಕ್ಕಿಂತ ಜಾಸ್ತಿ ವ್ಯತ್ಯಾಸ ಬರಲ್ಲ. ಈ ಹುಡುಗ ಅಥವಾ ಹುಡುಗಿ ಏಳು ಪ್ರಕರಣ ಬರೆದಿದ್ದಾರೆ, ಒಂದೆರಡು ತಪ್ಪಿದೆ. 15 ಸರಿಯಾಗಿಯೇ ಇದೆ.

ಇನ್ನೊಂದು ಮಾತು. ನ್ಯಾಯಾಂಗ ವಿಮರ್ಶೆ ಅಂದ ಮೇಲೆ 13ನೇ ವಿಧಿಯೇ ಬೇರು. ಅದನ್ನು ಬರೆದವರಿಗೆ ಅರ್ಧ ಅಂಕ ಅಲ್ಲೇ ಸಿಗಬೇಕು.

ಹಳೇ ಮೌಲ್ಯಮಾಪಕ

ತುಂಗಾ ಮೇಡಂ, ನಿಮ್ಮಿಬ್ಬರಲ್ಲಿ ಯಾರೂ ಅಜಾಗರೂಕರಲ್ಲ. ಆ ಹಾಳೆ ನಿಮಗೆ ಏನನ್ನೂ ಹೇಳಿಲ್ಲ, ಅಷ್ಟೇ. ‘ಅತ್ಯುತ್ತಮ’, ‘ಉತ್ತಮ’, ‘ಸಾಧಾರಣ’ ಇವು ಅಂಕ ಹಾಕಿಯಾದ ಮೇಲೆ ಅಂಟಿಸುವ ಚೀಟಿಗಳು. ಅಂಕ ಹಾಕುವ ಮೊದಲು ಕೈಯಲ್ಲಿ ಬೇಕಾದದ್ದು ಬೇರೆ: ಈ ಬ್ಯಾಂಡ್‌ನ ಪ್ರಬಂಧದ ಪುಟದಲ್ಲಿ ಏನು ಕಾಣುತ್ತದೆ, ಅದರ ಕೆಳಗಿನ ಬ್ಯಾಂಡ್‌ನಲ್ಲಿ ಏನು ಕಾಣುವುದಿಲ್ಲ ಅನ್ನುವುದು.

ಬಸು ಅವರು ಹೇಳಿದ ಸ್ಕೀಮ್‌ಗೆ ಒಂದು ಗುಣ ಇದೆ, ಅದನ್ನು ನಾನು ಒಪ್ಪುತ್ತೇನೆ. ಇಬ್ಬರು ತಿದ್ದಿದರೆ ಅಂಕ ಹತ್ತಿರ ಬರುತ್ತದೆ. ಸಾವಿರಾರು ಉತ್ತರಪತ್ರಿಕೆ ತಿದ್ದುವಾಗ ಅದು ದೊಡ್ಡ ವಿಷಯ. ಆದರೆ ಈ ಪ್ರಶ್ನೆಗೆ ಅದನ್ನು ಹಾಕಿ ನೋಡಿ. ಇಬ್ಬರು ವಿದ್ಯಾರ್ಥಿಗಳು ಆರೂ ಪ್ರಕರಣ ಬರೆದಿದ್ದಾರೆ ಎಂದುಕೊಳ್ಳಿ. ಒಬ್ಬರು ಹೆಸರು, ವರ್ಷ, ಫಲಿತಾಂಶ ಬರೆದು ಮುಗಿಸಿದರು. ಇನ್ನೊಬ್ಬರು ಒಂದು ತೀರ್ಪು ಮುಂದಿನ ತೀರ್ಪಿಗೆ ಹೇಗೆ ದಾರಿ ಮಾಡಿತು ಎಂದು ತೋರಿಸಿದರು. ಸ್ಕೀಮ್ ಇಬ್ಬರಿಗೂ 12 ಕೊಡುತ್ತದೆ. ಪ್ರಶ್ನೆ ಕೇಳಿದ್ದು ‘ಸಾಧ್ಯವೇ?’ ಎಂದು. ಅದಕ್ಕೆ ಉತ್ತರವನ್ನೇ ಬರೆಯದವರೂ 19 ತೆಗೆಯಬಹುದು.

13ನೇ ವಿಧಿಯ ಮಾತು ಸಾಮಾನ್ಯ ಕಾನೂನುಗಳ ವಿಷಯದಲ್ಲಿ ಸರಿ. ಮೂಲಭೂತ ಹಕ್ಕಿಗೆ ವಿರುದ್ಧವಾದ ಕಾಯ್ದೆ ಅಸಿಂಧು ಎಂದು ಅದು ಹೇಳುತ್ತದೆ. ಆದರೆ ನಮ್ಮ ಪ್ರಶ್ನೆ ಸಂವಿಧಾನ ತಿದ್ದುಪಡಿಯ ಬಗ್ಗೆ. ತಿದ್ದುಪಡಿಯೂ 13ನೇ ವಿಧಿಯ ಅರ್ಥದಲ್ಲಿ ಕಾನೂನೇ ಎಂದು ಗೋಲಕನಾಥ್ ಹೇಳಿತ್ತು. ಆ ದಾರಿ ಮುಚ್ಚಲೆಂದೇ 1971ರಲ್ಲಿ 24ನೇ ತಿದ್ದುಪಡಿ 13(4) ಸೇರಿಸಿತು. 368ರ ಕೆಳಗೆ ಮಾಡಿದ ತಿದ್ದುಪಡಿಗೆ 13 ಅನ್ವಯಿಸುವುದಿಲ್ಲ ಎಂದು ಅಲ್ಲಿ ನೇರವಾಗಿ ಬರೆದಿದೆ. ಕೇಶವಾನಂದ ಅದನ್ನು ಎತ್ತಿಹಿಡಿಯಿತು. ಹಾಗಾಗಿ 1973ರ ನಂತರ ತಿದ್ದುಪಡಿಯನ್ನು ಪರೀಕ್ಷಿಸುವುದು ಮೂಲ ರಚನೆಯ ಮೇಲೆ, 13ರ ಮೇಲೆ ಅಲ್ಲ. ಪ್ರಬಂಧ ಪೂರ್ತಿ 13ರ ಮೇಲೆ ನಿಂತಿದ್ದರೆ ಬರೆದವರಿಗೆ ಪ್ರಶ್ನೆಯೇ ಸಿಕ್ಕಿಲ್ಲ ಎಂದು ಅರ್ಥ.

ಬಸು ಧಾರವಾಡ

13(4) ಮಾತು ಒಪ್ಪಿದೆ ಸರ್. ಆದರೆ ಸ್ಕೀಮ್ ವಿಷಯದಲ್ಲಿ ಇಲ್ಲ. ಮರುಮೌಲ್ಯಮಾಪನಕ್ಕೆ ಹೋದಾಗ ‘ದಾರಿ ಮಾಡಿದ್ದನ್ನು ತೋರಿಸಿಲ್ಲ’ ಎಂದು ಅಂಕ ಕಳೆದರೆ ವಿದ್ಯಾರ್ಥಿ ಕೇಳೇ ಕೇಳುತ್ತಾರೆ, ಎಲ್ಲಿ ಬರೆದಿದೆ ಹಾಗಂತ? ಸ್ಕೀಮ್ ಇದ್ದರೆ ತೋರಿಸಬಹುದು.

ಕನ್ನಡತಿ ಇಂಗ್ಲೆಂಡ್

ನಾನು ಇಲ್ಲಿ ಕಾನೂನು ಪದವಿಯ ಮಕ್ಕಳಿಗೆ ಸೆಮಿನಾರ್ ತೆಗೆದುಕೊಳ್ಳುತ್ತೇನೆ. ನಮ್ಮಲ್ಲಿ 70ಕ್ಕೆ ಮೇಲೆ ಫಸ್ಟ್, 60ರಿಂದ 69 ಅಪ್ಪರ್ ಸೆಕೆಂಡ್, 50ರಿಂದ 59 ಲೋಯರ್ ಸೆಕೆಂಡ್, 40ರಿಂದ 49 ಥರ್ಡ್. ಪ್ರಬಂಧ ಓದಿದ ಮೇಲೆ ಮೊದಲು ಕೇಳಿಕೊಳ್ಳುವುದು ‘ಇದು ಯಾವ ಬ್ಯಾಂಡ್’ ಎಂದು. ಅಂಕ ಆಮೇಲೆ.

ಆದರೆ ಈ ಪ್ರಬಂಧದಲ್ಲಿ ನನಗೆ ದೊಡ್ಡ ಕೊರತೆ ಕಾಣುತ್ತಿದೆ. ನ್ಯಾಯಾಂಗ ವಿಮರ್ಶೆಯ ಕಾರಣಗಳೇ ಇಲ್ಲವಲ್ಲ? ಅಧಿಕಾರ ಮೀರಿದ್ದು, ವಿವೇಚನೆ ಇಲ್ಲದ ನಿರ್ಧಾರ, ಕ್ರಮ ತಪ್ಪಿದ್ದು. ಜಿಸಿಎಚ್‌ಕ್ಯೂ ಪ್ರಕರಣದಲ್ಲಿ ಲಾರ್ಡ್ ಡಿಪ್ಲಾಕ್ ಹೇಳಿದ ಮೂರು ತಲೆಬರಹಗಳು. ಅದಿಲ್ಲದೆ ನಾನು 50 ದಾಟಿಸುವುದಿಲ್ಲ.

ಪುತ್ತೂರು ವಕೀಲ

ಮೇಡಂ, ಅದು ಸರ್ಕಾರಿ ಅಧಿಕಾರಿಯ ಆದೇಶವನ್ನು ಕೋರ್ಟ್ ಪರೀಕ್ಷಿಸುವ ಮಾತು. ನಮ್ಮಲ್ಲಿ ಅದನ್ನು ಆಡಳಿತ ಕಾನೂನಿನ ಪೇಪರ್‌ನಲ್ಲಿ ಕೇಳುತ್ತಾರೆ. ಇಲ್ಲಿ ಕೇಳಿರುವುದು ಸಂಸತ್ತು ಮಾಡಿದ ತಿದ್ದುಪಡಿಯನ್ನು ಕೋರ್ಟ್ ಮುಟ್ಟಬಹುದೇ, ಆ ಅಧಿಕಾರವನ್ನೇ ಕಿತ್ತುಕೊಳ್ಳಬಹುದೇ ಎಂದು. ಇಂಗ್ಲೆಂಡಿನಲ್ಲಿ ಪಾರ್ಲಿಮೆಂಟೇ ಸರ್ವೋಚ್ಚ, ಲಿಖಿತ ಸಂವಿಧಾನ ಇಲ್ಲ. ಹಾಗಾಗಿ ಅಲ್ಲಿ ಈ ಪ್ರಶ್ನೆ ಈ ರೂಪದಲ್ಲಿ ಏಳುವುದಿಲ್ಲ. ಇಲ್ಲಿ ಮಕ್ಕಳು ಡಿಪ್ಲಾಕ್ ಬರೆದಿದ್ದರೆ ಆ ಪ್ಯಾರಾಕ್ಕೆ ಅಂಕ ಬರಬಾರದು.

ನಾನು ಪಾಠ ಮಾಡುವವನಲ್ಲ. ಆದರೆ ‘ಸ್ವಾಮೀಜಿಯವರಿಗೆ ಜಯ ಸಿಕ್ಕಿತು’ ಅನ್ನುವ ಸಾಲಿನ ಬಗ್ಗೆ ಹೇಳಲೇಬೇಕು. ಎಡನೀರು ಮಠ ಕಾಸರಗೋಡಿನಲ್ಲಿದೆ, ನಮ್ಮ ಕಡೆಯವರಿಗೆ ಹತ್ತಿರದ ಜಾಗ. ಕೇರಳದ ಭೂ ಸುಧಾರಣೆ ಕಾನೂನನ್ನು ಪ್ರಶ್ನಿಸಿ ಸ್ವಾಮೀಜಿ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಆ ಕಾನೂನಿನ ತಿದ್ದುಪಡಿಗಳನ್ನು ಒಂಬತ್ತನೇ ಅನುಸೂಚಿಗೆ ಸೇರಿಸಿದ 29ನೇ ತಿದ್ದುಪಡಿಯನ್ನು ಕೋರ್ಟ್ ರದ್ದು ಮಾಡಲಿಲ್ಲ. 24ನೆಯದನ್ನೂ ಮಾಡಲಿಲ್ಲ. ಸಿದ್ಧಾಂತ ಗೆದ್ದಿತು, ಅದು ನಿಜ. ಇದನ್ನು ಬಾರಿನಲ್ಲಿ ಹಿರಿಯರೂ ಎಷ್ಟೋ ಸಲ ತಪ್ಪಾಗಿ ಹೇಳುವುದನ್ನು ಕೇಳಿದ್ದೇನೆ. ವಿದ್ಯಾರ್ಥಿಗೆ ಅದಕ್ಕಾಗಿ ಐದು ಅಂಕ ಹೋಗುವುದು ಜಾಸ್ತಿ ಆಯಿತು ಅನಿಸುತ್ತದೆ.

ಕನ್ನಡತಿ ಇಂಗ್ಲೆಂಡ್

ಸರಿ, ಪ್ರಶ್ನೆ ತಿದ್ದುಪಡಿಯ ಬಗ್ಗೆ ಅಂದಮೇಲೆ ಡಿಪ್ಲಾಕ್ ಬಿಡೋಣ. ಬ್ಯಾಂಡ್ ಮೊದಲು, ಅಂಕ ಆಮೇಲೆ ಅನ್ನುವ ಮಾತಿಗೆ ನಾನು ನಿಂತಿದ್ದೇನೆ. ತಪ್ಪುಗಳನ್ನು ಹೇಗೆ ಎಣಿಸಬೇಕು ಅನ್ನುವುದು ನನಗೂ ಕುತೂಹಲ. ನಮ್ಮಲ್ಲೂ ಅದೇ ಜಗಳ.

ಸೆಕೆಂಡ್ ಇಯರ್

ನಾನು ವಿದ್ಯಾರ್ಥಿ. ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ನಮ್ಮ ಕಾಲೇಜಿನಲ್ಲಿ ಇಂಥದ್ದೇ ಪ್ರಬಂಧಕ್ಕೆ ನನಗೆ 11 ಬಂತು. ಕೆಳಗೆ ‘ವಿಶ್ಲೇಷಣೆ ಸಾಲದು’ ಎಂದು ಎರಡೇ ಪದ. ನಾನು ಹತ್ತು ತೀರ್ಪು ಬರೆದಿದ್ದೆ. ನನ್ನ ಸ್ನೇಹಿತೆ ನಾಲ್ಕೇ ಬರೆದಿದ್ದಳು, ಅವಳಿಗೆ 16. ಅವಳು ಇಂಗ್ಲಿಷ್‌ನಲ್ಲಿ ಬರೆದಿದ್ದಳು, ನಾನು ಕನ್ನಡದಲ್ಲಿ. ಅದಕ್ಕೇ ಹೀಗಾಯಿತು ಅಂದುಕೊಂಡಿದ್ದೆ. ವಿಶ್ಲೇಷಣೆ ಅಂದರೆ ಮೇಷ್ಟ್ರಿಗೆ ನಿಜವಾಗಿ ಏನು ಬೇಕು? ಯಾರಾದರೂ ಒಂದು ಸಾಲು ಬರೆದು ತೋರಿಸುತ್ತೀರಾ?

ಹಳೇ ಮೌಲ್ಯಮಾಪಕ

ಸೆಕೆಂಡ್ ಇಯರ್ ಅವರೇ, ನಿಮ್ಮ ಪ್ರಶ್ನೆಯೇ ಈ ಚರ್ಚೆಯ ಜೀವ. ಒಂದೇ ತೀರ್ಪನ್ನು ಮೂರು ರೀತಿ ಬರೆದು ತೋರಿಸುತ್ತೇನೆ.

‘ಮಿನರ್ವಾ ಮಿಲ್ಸ್, 1980. ಇದು ನ್ಯಾಯಾಂಗ ವಿಮರ್ಶೆಗೆ ಸಂಬಂಧಿಸಿದ ಮಹತ್ವದ ತೀರ್ಪು.’ ಇದರಿಂದ ಓದುಗನಿಗೆ ಏನೂ ಸಿಗಲಿಲ್ಲ.

‘ಮಿನರ್ವಾ ಮಿಲ್ಸ್ ಪ್ರಕರಣದಲ್ಲಿ ಕೋರ್ಟ್ 368(4) ಮತ್ತು (5) ಅನ್ನು ರದ್ದು ಮಾಡಿತು.’ ಏನಾಯಿತು ಎಂದು ಸಿಕ್ಕಿತು. ಯಾಕೆ ಎಂದು ಸಿಗಲಿಲ್ಲ.

‘ತಿದ್ದುಪಡಿಯನ್ನು ಯಾವ ಕೋರ್ಟಿನಲ್ಲೂ ಪ್ರಶ್ನಿಸುವಂತಿಲ್ಲ ಎಂದು 368(4) ಹೇಳಿತ್ತು. ಮಿತಿಯಿರುವ ಅಧಿಕಾರದಿಂದ ಆ ಮಿತಿಯನ್ನೇ ಅಳಿಸಲಾಗದು ಎಂದು ಕೋರ್ಟ್ ಅದನ್ನು ರದ್ದು ಮಾಡಿತು. ಹಾಗಾಗಿ ವಿಮರ್ಶೆಯನ್ನು ತೆಗೆಯುವ ತಿದ್ದುಪಡಿ ತಾನೇ ವಿಮರ್ಶೆಗೆ ಒಳಪಡುತ್ತದೆ.’ ಇಲ್ಲಿ ಕಾರಣ ಇದೆ, ಅದು ಪ್ರಶ್ನೆಗೆ ತಿರುಗಿ ಬಂದೂ ಇದೆ. ಮೇಷ್ಟ್ರು ವಿಶ್ಲೇಷಣೆ ಅಂದಾಗ ಕೇಳುವುದು ಇದನ್ನೇ. ನಾಲ್ಕು ತೀರ್ಪು ಹೀಗೆ ಬರೆದವರು ಹತ್ತು ತೀರ್ಪು ಎರಡನೇ ರೀತಿ ಬರೆದವರಿಗಿಂತ ಮೇಲೆ ಬರುತ್ತಾರೆ. ಭಾಷೆಗೂ ಅದಕ್ಕೂ ಸಂಬಂಧ ಇರಬಾರದು. ನಿಮ್ಮ ಕಾಲೇಜಿನಲ್ಲಿ ಏನಾಯಿತು ಎಂದು ನಾನು ಹೇಳಲಾರೆ. ಆದರೆ ಎರಡು ಪದದ ಟಿಪ್ಪಣಿ ಸಾಲದು ಅನ್ನುವ ನಿಮ್ಮ ದೂರು ನ್ಯಾಯವಾದದ್ದು.

ಈಗ ತುಂಗಾ ಮೇಡಂ ಅವರ ರೂಬ್ರಿಕ್. ನಾನಾಗಿದ್ದರೆ ಐದು ಬ್ಯಾಂಡನ್ನು ಹೀಗೆ ಬರೆಯುತ್ತಿದ್ದೆ.

17ರಿಂದ 20: ಸಾಧ್ಯವೇ ಇಲ್ಲವೇ, ಎಷ್ಟರ ಮಟ್ಟಿಗೆ ಎಂಬ ಉತ್ತರ ಮೊದಲ ಪುಟದಲ್ಲೇ ಇದೆ. ತೀರ್ಪುಗಳ ಕಾರಣಗಳು ಆ ಉತ್ತರವನ್ನು ಹೆಜ್ಜೆ ಹೆಜ್ಜೆಯಾಗಿ ಕಟ್ಟುತ್ತವೆ. ಎದುರು ವಾದದಲ್ಲಿ ಅತಿ ಗಟ್ಟಿಯಾದದ್ದನ್ನು ಎತ್ತಿಕೊಂಡು ಉತ್ತರಿಸಿದ್ದಾರೆ. ಚುನಾಯಿತರಲ್ಲದ ನ್ಯಾಯಮೂರ್ತಿಗಳೇ ಮೂಲ ರಚನೆ ಯಾವುದೆಂದು ನಿರ್ಧರಿಸಿದರೆ ಅವರ ಮಿತಿ ಎಲ್ಲಿ ಅನ್ನುವುದು ಅಂಥ ವಾದ.

13ರಿಂದ 16: ಉತ್ತರ ಇದೆ. ಕನಿಷ್ಠ ಎರಡು ತೀರ್ಪುಗಳ ಕಾರಣ ಸರಿಯಾಗಿ ಇದೆ, ಅದನ್ನು ಪ್ರಶ್ನೆಗೆ ಜೋಡಿಸಿದ್ದಾರೆ. ಎದುರು ವಾದ ಇಲ್ಲ, ಅಥವಾ ಹೆಸರಿಗೆ ಮಾತ್ರ ಇದೆ.

10ರಿಂದ 12: ತೀರ್ಪುಗಳ ಫಲಿತಾಂಶ ಹೆಚ್ಚಿನ ಮಟ್ಟಿಗೆ ಸರಿ, ಕ್ರಮವಾಗಿವೆ. ಕಾರಣ ಅಪರೂಪಕ್ಕೆ ಕಾಣುತ್ತದೆ. ಪ್ರಶ್ನೆಗೆ ಉತ್ತರ ಓದುಗನೇ ಊಹಿಸಿಕೊಳ್ಳಬೇಕು.

7ರಿಂದ 9: ಹೆಸರುಗಳಿವೆ, ಫಲಿತಾಂಶಗಳಲ್ಲಿ ಪದೇಪದೇ ತಪ್ಪು. ಅಥವಾ ಪ್ರಬಂಧದ ಹೆಚ್ಚಿನ ಭಾಗ ಬೇರೆ ಪ್ರಶ್ನೆಗೆ ಉತ್ತರ.

7ಕ್ಕಿಂತ ಕೆಳಗೆ: ತೀರ್ಪುಗಳೇ ಇಲ್ಲ, ಸಾಮಾನ್ಯ ಮಾತು ಮಾತ್ರ.

ಬಸು ಅವರೇ, ‘ಎಲ್ಲಿ ಬರೆದಿದೆ’ ಎಂದು ವಿದ್ಯಾರ್ಥಿ ಕೇಳಿದರೆ ಈಗ ಬೆರಳಿಟ್ಟು ತೋರಿಸಬಹುದು, ಅಲ್ವಾ?

ಬಸು ಧಾರವಾಡ

ಇದು ತೋರಿಸುವ ಹಾಗಿದೆ, ಒಪ್ಪಿದೆ. ಆದರೆ ‘ಹೆಚ್ಚಿನ ಮಟ್ಟಿಗೆ’, ‘ಅಪರೂಪಕ್ಕೆ’ ಇವು ಮತ್ತೆ ಅಳತೆ ಇಲ್ಲದ ಮಾತುಗಳೇ ಅಲ್ವಾ ಸರ್? ಮೂರು ತಪ್ಪು ಇದ್ದರೆ ‘ಹೆಚ್ಚಿನ ಮಟ್ಟಿಗೆ ಸರಿ’ಯೋ, ‘ಪದೇಪದೇ ತಪ್ಪೋ’?

ತುಂಗಾತೀರ

ನನ್ನ ಸಹೋದ್ಯೋಗಿಯೂ ಇದನ್ನೇ ಕೇಳಿದರು. ಈ ಪ್ರಬಂಧದಲ್ಲಿ ತಪ್ಪುಗಳನ್ನು ಪಟ್ಟಿ ಮಾಡಿದರೆ: 24ನೇ ತಿದ್ದುಪಡಿ ರದ್ದಾಯಿತು ಎಂದದ್ದು, ಸ್ವಾಮೀಜಿಯವರ ಜಯ, ಕೊಯೆಲ್ಹೋದಲ್ಲಿ ‘2007ರ ನಂತರ’ ಎಂದದ್ದು. ಇವಕ್ಕೆ ಒಂದೊಂದು ಅಂಕ ಕಳೆಯುವುದೇ?

ಹಳೇ ಮೌಲ್ಯಮಾಪಕ

ತಪ್ಪನ್ನು ಎಣಿಸಬೇಡಿ. ಆ ತಪ್ಪಿನ ಮೇಲೆ ಏನು ನಿಂತಿದೆ ಎಂದು ನೋಡಿ. ಒಂದು ಸಾಲನ್ನು ಸರಿಪಡಿಸಿದರೆ ಪ್ರಬಂಧದ ಉಳಿದ ವಾದ ಹಾಗೇ ಇರುತ್ತದೆಯೇ? ಇದ್ದರೆ ಅದು ಸಣ್ಣ ತಪ್ಪು, ಬ್ಯಾಂಡ್ ಬದಲಿಸುವುದಿಲ್ಲ. ಸರಿಪಡಿಸಿದ ಕೂಡಲೇ ವಾದ ಕುಸಿದರೆ, ಅಥವಾ ಮುಂದಿನ ಪ್ಯಾರಾ ಹಿಂದಿನದಕ್ಕೆ ವಿರುದ್ಧವಾದರೆ, ಅದು ಬ್ಯಾಂಡಿಗೆ ತಟ್ಟುವ ತಪ್ಪು.

ಈ ಪ್ರಬಂಧದಲ್ಲೇ ನೀವು ಪಟ್ಟಿಗೆ ಹಾಕದ ಇನ್ನೊಂದಿದೆ. ಮಿನರ್ವಾ ಮಿಲ್ಸ್‌ನಲ್ಲಿ 368(4), (5) ರದ್ದಾದದ್ದು 4–1 ಅಲ್ಲ. ಆ ವಿಷಯದಲ್ಲಿ ಐವರೂ ಒಂದೇ. ನ್ಯಾಯಮೂರ್ತಿ ಭಗವತಿ ಬೇರೆಯಾದದ್ದು 31ಸಿ ವಿಷಯದಲ್ಲಿ. ಇದನ್ನು ಸರಿಪಡಿಸಿದರೆ ವಿದ್ಯಾರ್ಥಿಯ ವಾದಕ್ಕೆ ಏನೂ ಆಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ. ಅಂಚಿನಲ್ಲಿ ಬರೆಯಿರಿ, ಅಂಕ ಮುಟ್ಟಬೇಡಿ. ಸ್ವಾಮೀಜಿಯವರ ಜಯ ಅನ್ನುವುದೂ ಅಷ್ಟೇ. ವಕೀಲರ ಮಾತು ಅಲ್ಲಿ ಸರಿ.

24ನೆಯದು ಹಾಗಲ್ಲ. ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು ಎಂದು ಆ ತಿದ್ದುಪಡಿ ಹೇಳಿತು. ಅದು ರದ್ದಾಗಿದ್ದರೆ ಗೋಲಕನಾಥ್ ಉಳಿದ ಹಾಗೆ. ಆಗ ಮೂಲ ರಚನೆಯ ಸಿದ್ಧಾಂತದ ಅಗತ್ಯವೇ ಬರುತ್ತಿರಲಿಲ್ಲ. ಕೇಶವಾನಂದ ಗೋಲಕನಾಥ್ ಅನ್ನು ತಳ್ಳಿಹಾಕಿ, ‘ಎಲ್ಲವನ್ನೂ ತಿದ್ದಬಹುದು, ಆದರೆ ಮೂಲ ರಚನೆ ಕೆಡಿಸುವಂತಿಲ್ಲ’ ಎಂದಿತು. ಮಿನರ್ವಾ ಪ್ಯಾರಾದಲ್ಲಿ ವಿದ್ಯಾರ್ಥಿ ‘ಮಿತಿಯಿರುವ ಅಧಿಕಾರ’ ಎಂದು ಬರೆದದ್ದು ಇದರ ಮೇಲೆಯೇ ನಿಲ್ಲಬೇಕು. ಅವರ ಪ್ರಬಂಧದಲ್ಲಿ ಆ ನೆಲ ಇಲ್ಲ. ಚೆನ್ನಾದ ಪ್ಯಾರಾ ಗಾಳಿಯಲ್ಲಿ ನಿಂತಿದೆ.

ಕೊಯೆಲ್ಹೋ ತಪ್ಪು ಎರಡರ ನಡುವಿನದು. ಅಲ್ಲಿ ಗಡಿ 1973ರ ಏಪ್ರಿಲ್ 24, ಕೇಶವಾನಂದ ತೀರ್ಪಿನ ದಿನ. 2007 ಅಂದದ್ದು ಬರೀ ದಿನಾಂಕದ ತಪ್ಪಾಗಿ ಕಾಣುತ್ತದೆ. ಆದರೆ ಆ ದಿನವೇ ಯಾಕೆ ಗಡಿ ಎಂದು ಗೊತ್ತಿದ್ದವರು ಹಾಗೆ ಬರೆಯುವುದಿಲ್ಲ. ಅವರಿಗೆ ಎರಡು ತೀರ್ಪುಗಳ ನಂಟು ಸಿಕ್ಕಿಲ್ಲ. ಚಂದ್ರಕುಮಾರ್‌ದೂ ಅದೇ ಕಥೆ. ‘ನ್ಯಾಯಮಂಡಳಿಗಳ ಬಗ್ಗೆ’ ಎಂದು ಬಿಟ್ಟಿದ್ದಾರೆ. ಏಳು ನ್ಯಾಯಮೂರ್ತಿಗಳು 226 ಮತ್ತು 32ರ ಕೆಳಗಿನ ವಿಮರ್ಶೆಯ ಅಧಿಕಾರವೇ ಮೂಲ ರಚನೆಯ ಭಾಗ ಎಂದು ಹೇಳಿದ್ದು ಅಲ್ಲೇ. ಪ್ರಶ್ನೆಗೆ ಅದಕ್ಕಿಂತ ನೇರ ಉತ್ತರ ಬೇಕೇ? ಉತ್ತರ ಕೈಯಲ್ಲಿದ್ದೂ ಬಳಸಿಲ್ಲ.

ಪುತ್ತೂರು ವಕೀಲ

ಸರ್, ಒಂದು ಸೇರಿಸುತ್ತೇನೆ. ಕೇಶವಾನಂದದಲ್ಲೇ ಈ ಪ್ರಶ್ನೆಗೆ ನೇರವಾಗಿ ತಾಗುವ ಭಾಗ ಇದೆಯಲ್ಲ? 25ನೇ ತಿದ್ದುಪಡಿ ತಂದ 31ಸಿಯ ಎರಡನೇ ಭಾಗ. ಈ ಕಾನೂನು ಇಂಥ ನೀತಿಗಾಗಿ ಎಂದು ಘೋಷಿಸಿಬಿಟ್ಟರೆ ಕೋರ್ಟ್ ಕೇಳುವಂತಿಲ್ಲ ಎಂದಿತ್ತು. ಅದನ್ನು ಹೊಡೆದುಹಾಕಿದರು. ವಿಮರ್ಶೆಯನ್ನು ತೆಗೆಯುವ ತಿದ್ದುಪಡಿ ಬಿದ್ದ ಉದಾಹರಣೆ 1973ರಲ್ಲೇ ಇದೆ. 1975ರಲ್ಲಿ ಇಂದಿರಾ ಗಾಂಧಿ ಚುನಾವಣಾ ಪ್ರಕರಣದಲ್ಲಿ 329ಎ(4) ಹೋಯಿತು. ಇವೆರಡನ್ನೂ ಬರೆದ ವಿದ್ಯಾರ್ಥಿ ನಿಮ್ಮ ತರಗತಿಯಲ್ಲಿ ಯಾರಾದರೂ ಇದ್ದಾರೆಯೇ ಮೇಡಂ?

ತುಂಗಾತೀರ

31ಸಿ ಭಾಗವನ್ನು ಒಬ್ಬರು ಬರೆದಿದ್ದಾರೆ. ಅವರು ಬರೆದಿರುವುದು ಐದೇ ತೀರ್ಪು. ನಾನು ಅವರಿಗೆ 14 ಕೊಟ್ಟಿದ್ದೆ, ಈಗ ಹೊಸ ಹಾಳೆ ಇಟ್ಟು ಓದಿದರೆ 17ರ ಬ್ಯಾಂಡಿಗೆ ಹೋಗುತ್ತಾರೆ. ಎದುರು ವಾದವೂ ಇದೆ.

ಹಾಗಾದರೆ ಈ ಪ್ರಬಂಧಕ್ಕೆ ಎಷ್ಟು? ಸಹೋದ್ಯೋಗಿಯೂ ಓದುತ್ತಿದ್ದಾರೆ.

ಹಳೇ ಮೌಲ್ಯಮಾಪಕ

ನಾನು ತಿದ್ದುವ ಕ್ರಮ ಹೇಳುತ್ತೇನೆ. ಒಮ್ಮೆ ಪೂರ್ತಿ ಓದುತ್ತೇನೆ, ಪೆನ್ ಮುಟ್ಟುವುದಿಲ್ಲ. ಎರಡನೇ ಸಲ ಅಂಚಿನಲ್ಲಿ ಮೂರೇ ಗುರುತು: ಕಾರಣ ಬಂದಲ್ಲಿ ಒಂದು, ಬರೀ ಫಲಿತಾಂಶ ಬಂದಲ್ಲಿ ಒಂದು, ಪ್ರಶ್ನೆಗೆ ತಿರುಗಿ ಬಂದಲ್ಲಿ ಒಂದು. ಗುರುತುಗಳನ್ನು ನೋಡಿದರೆ ಬ್ಯಾಂಡ್ ಬಹುಮಟ್ಟಿಗೆ ತಾನೇ ಕಾಣುತ್ತದೆ. ಆಮೇಲೆ ಬ್ಯಾಂಡ್‌ನ ನಡುವಿನಿಂದ ಶುರು ಮಾಡಿ ಮೇಲೆ ಅಥವಾ ಕೆಳಗೆ ಹೋಗುತ್ತೇನೆ.

ಇಲ್ಲಿ ಏಳು ತೀರ್ಪಿನಲ್ಲಿ ಕಾರಣ ಬಂದದ್ದು ಒಂದೇ ಕಡೆ. ಉತ್ತರವನ್ನು ಎಲ್ಲೂ ಸ್ಪಷ್ಟವಾಗಿ ಹೇಳಿಲ್ಲ. ‘ಬೆನ್ನೆಲುಬು’ ಉತ್ತರ ಅಲ್ಲ. ಹಾಗಾಗಿ 10ರಿಂದ 12. ನಡುವಿನ 11ರಿಂದ ಶುರು. 24ನೇ ತಿದ್ದುಪಡಿಯ ತಪ್ಪು ಕೆಳಗೆ ಎಳೆಯುತ್ತದೆ, ಮಿನರ್ವಾ ಪ್ಯಾರಾ ಅದಕ್ಕಿಂತ ಜಾಸ್ತಿ ಮೇಲೆ ಎತ್ತುತ್ತದೆ. 12.

ನಿಮ್ಮ 15ಕ್ಕೆ ಕಾರಣ ನನಗೆ ಅರ್ಥವಾಗುತ್ತದೆ. ಒಂದು ಒಳ್ಳೆಯ ಪ್ಯಾರಾ ಸಿಕ್ಕಿದ ಕೂಡಲೇ ಅದರ ಬೆಳಕು ಹಿಂದಿನ ಪುಟಗಳ ಮೇಲೂ ಬೀಳುತ್ತದೆ. ಸಹೋದ್ಯೋಗಿಯವರ 10ಕ್ಕೂ ಕಾರಣ ಇದೆ. ಕೇಶವಾನಂದ ತಪ್ಪಿಗೆ ಅವರು ಎರಡು ಸಲ ಕಳೆದಿದ್ದಾರೆ ಅನಿಸುತ್ತದೆ, ಕಾನೂನಿನ ಜ್ಞಾನದಲ್ಲಿ ಒಮ್ಮೆ, ವಿಶ್ಲೇಷಣೆಯಲ್ಲಿ ಒಮ್ಮೆ. ಒಂದು ತಪ್ಪಿಗೆ ಒಂದೇ ಕಡೆ ಕಳೆಯಬೇಕು.

ಕನ್ನಡತಿ ಇಂಗ್ಲೆಂಡ್

ನಾನು 13 ಕೊಡುತ್ತೇನೆ. ಆ ಮಿನರ್ವಾ ಪ್ಯಾರಾದ ಕೊನೆ ಸಾಲು, ‘ಕೇಳುವ ಕೋರ್ಟ್ ಇಲ್ಲದಿದ್ದರೆ ಮಿತಿ ಇದ್ದೂ ಇಲ್ಲದ ಹಾಗೆ’, ಅದು ಉತ್ತರವೇ. ಸರಿಯಾದ ಜಾಗದಲ್ಲಿ ಇಟ್ಟಿಲ್ಲ ಅಷ್ಟೇ. ಪ್ರಶ್ನೆಗೆ ಉತ್ತರ ಇದೆ ಎಂದಾದರೆ ಮೇಲಿನ ಬ್ಯಾಂಡಿಗೆ ಹೋಗಲೇಬೇಕು.

ಹಳೇ ಮೌಲ್ಯಮಾಪಕ

ನನ್ನದೇ ಹಾಳೆಯಲ್ಲಿ 13ಕ್ಕೆ ಎರಡು ತೀರ್ಪಿನ ಕಾರಣ ಬೇಕು ಎಂದಿದೆ. ಇಲ್ಲಿ ಒಂದೇ. ಆದರೂ ನಿಮ್ಮ ಮಾತನ್ನು ಪೂರ್ತಿ ತಳ್ಳಲಾರೆ. 12 ಮತ್ತು 13ರ ನಡುವೆ ಇಬ್ಬರು ಪ್ರಾಮಾಣಿಕ ಓದುಗರು ಬೇರೆಯಾಗಬಹುದು. 10 ಮತ್ತು 15ರ ನಡುವೆ ಬೇರೆಯಾಗಬಾರದು.

ಸೆಕೆಂಡ್ ಇಯರ್

ಸರ್, ಎದುರು ವಾದದ ಬಗ್ಗೆ ಒಂದು ಕೇಳಲೇ? ಕೇಶವಾನಂದ ತಪ್ಪು, ಆರು ನ್ಯಾಯಮೂರ್ತಿಗಳ ಕಡೆಯೇ ಸರಿ, ಸಂಸತ್ತಿಗೆ ಪೂರ್ತಿ ಅಧಿಕಾರ ಇರಬೇಕು ಎಂದು ಬರೆದರೆ 17ರ ಬ್ಯಾಂಡ್ ಸಿಗುತ್ತದೆಯೇ? ನನಗೆ ಹಾಗೇ ಬರೆಯಬೇಕು ಅನಿಸಿತ್ತು, ಅಂಕ ಹೋಗುತ್ತದೆ ಎಂದು ಬರೆಯಲಿಲ್ಲ.

ಹಳೇ ಮೌಲ್ಯಮಾಪಕ

ಸಿಗಬೇಕು. ಒಂದು ಷರತ್ತು: ಇಂದಿನ ಕಾನೂನು ಏನು ಎಂದು ಮೊದಲು ಸರಿಯಾಗಿ ಹೇಳಿ. ಆಮೇಲೆ ಅದು ಯಾಕೆ ತಪ್ಪು ಎಂದು ಬರೆಯಿರಿ. ನ್ಯಾಯಮೂರ್ತಿ ಎ.ಎನ್. ರೇ ಅವರ ಭಿನ್ನ ತೀರ್ಪನ್ನು ಓದಿ ಅದರ ಕಾರಣ ಹಿಡಿದರೆ ಇನ್ನೂ ಒಳ್ಳೆಯದು. ನಾನು ಅಂಕ ಕೊಡುವುದು ತೀರ್ಮಾನಕ್ಕಲ್ಲ, ಅಲ್ಲಿಗೆ ಹೋದ ದಾರಿಗೆ.

ಬಸು ಧಾರವಾಡ

ಇದಕ್ಕೆ ನನ್ನ ವಿರೋಧ ಇದೆ. ‘ತೀರ್ಪುಗಳ ಆಧಾರದ ಮೇಲೆ’ ಎಂದು ಪ್ರಶ್ನೆಯಲ್ಲೇ ಇದೆ. ತಮ್ಮ ಅಭಿಪ್ರಾಯ ಬರೆಯಲು ಹೋಗಿ ನಿಜವಾದ ಕಾನೂನು ಅರ್ಧ ಪುಟಕ್ಕೆ ಮುಗಿಸುವವರನ್ನು ನಾನು ನೋಡಿದ್ದೇನೆ. ಸೆಮಿಸ್ಟರ್ ಪರೀಕ್ಷೆಯಲ್ಲಿ ಹಾಗೆ ಬರೆದರೆ ತಿದ್ದುವವರು ಒಪ್ಪುತ್ತಾರೆ ಎಂದು ಯಾರು ಹೇಳಬಲ್ಲರು? ಮಕ್ಕಳಿಗೆ ಆ ಸಲಹೆ ಕೊಡುವಾಗ ಹುಷಾರು.

ತುಂಗಾತೀರ

ಇದು ನಮ್ಮ ವಿಭಾಗದಲ್ಲೂ ತೀರ್ಮಾನವಾಗದ ವಿಷಯ. ಪ್ರಬಂಧಕ್ಕಾದರೆ ನಾನು ಹಿರಿಯರ ಕಡೆ, ಪರೀಕ್ಷೆಗೆ ಬಸು ಅವರ ಎಚ್ಚರಿಕೆ ಸರಿ ಅನಿಸುತ್ತದೆ.

ಅಂಕದ ವಿಷಯ: ಸಹೋದ್ಯೋಗಿ 12ಕ್ಕೆ ಒಪ್ಪಿದರು, ನಾನೂ ಒಪ್ಪಿದೆ. ಎಲ್ಲ ಪ್ರಬಂಧಗಳನ್ನೂ ಹೊಸ ಹಾಳೆಯಲ್ಲಿ ಮತ್ತೆ ಓದುತ್ತಿದ್ದೇವೆ. ಮೊದಲು ಐದು ಪ್ರಬಂಧವನ್ನು ಇಬ್ಬರೂ ಬೇರೆ ಬೇರೆ ಕೂತು ತಿದ್ದಿ, ಎರಡಕ್ಕಿಂತ ಜಾಸ್ತಿ ವ್ಯತ್ಯಾಸ ಬಂದದ್ದನ್ನು ಮಾತಾಡಿಕೊಂಡು, ಆಮೇಲೆ ಉಳಿದವು. ಹೆಸರಿನ ಪುಟ ಮಡಿಸಿ ಪಿನ್ ಹಾಕಿದ್ದೇವೆ. ಹೊಸ ಹಾಳೆಯಿಂದ ಯಾರ ಅಂಕವೂ ಮೊದಲಿಗಿಂತ ಕಡಿಮೆ ಆಗಬಾರದು ಎಂದು ಸಹೋದ್ಯೋಗಿ ಹೇಳುತ್ತಿದ್ದಾರೆ, ಮಕ್ಕಳಿಗೆ ಮೊದಲು ಹಂಚಿದ್ದು ಹಳೆಯದನ್ನೇ ಎಂಬ ಕಾರಣಕ್ಕೆ. ಇನ್ನೂ ಅಂಕ ಪ್ರಕಟಿಸಿಲ್ಲ, ಹಾಗಾಗಿ ಅದರ ಅಗತ್ಯ ಇಲ್ಲ ಎಂದು ನನ್ನ ವಾದ. ಇದರ ಬಗ್ಗೆ ಯಾರಿಗಾದರೂ ಅನುಭವ ಇದ್ದರೆ ಹೇಳಿ.

ವಿದ್ಯಾರ್ಥಿಗೆ ಬರೆದ ಟಿಪ್ಪಣಿ ಇದು: ‘ಮಿನರ್ವಾ ಮಿಲ್ಸ್ ಪ್ಯಾರಾ ಈ ಪ್ರಶ್ನೆಗೆ ಸರಿಯಾದ ಉತ್ತರ, ಅದನ್ನು ಮೊದಲ ಪುಟಕ್ಕೆ ತನ್ನಿ. ಕೇಶವಾನಂದ 24ನೇ ತಿದ್ದುಪಡಿಯನ್ನು ಎತ್ತಿಹಿಡಿಯಿತು, ಅದನ್ನು ಸರಿಪಡಿಸಿ ಮಿನರ್ವಾಗೆ ಜೋಡಿಸಿ. ಚಂದ್ರಕುಮಾರ್‌ನಲ್ಲಿ 226 ಮತ್ತು 32ರ ಬಗ್ಗೆ ಹೇಳಿದ್ದನ್ನು ಓದಿ. ಮೊದಲ ಎರಡು ಪುಟ ಅರ್ಧ ಪುಟಕ್ಕೆ ಇಳಿಸಿ.’

ಸೆಕೆಂಡ್ ಇಯರ್

ಮೇಡಂ, ಇಂಥ ಟಿಪ್ಪಣಿ ಇದ್ದರೆ 12 ಬಂದರೂ ಬೇಜಾರಿಲ್ಲ. ನನ್ನ ಹತ್ತು ತೀರ್ಪಿನ ಪ್ರಬಂಧಕ್ಕೆ ಆ ಮೂರು ಗುರುತು ಹಾಕಿ ನೋಡಿದೆ. ಕಾರಣ ಎಂದು ಗುರುತು ಹಾಕಲು ಎರಡೇ ಜಾಗ ಸಿಕ್ಕಿತು, ಬೊಮ್ಮಾಯಿ ಮತ್ತು ಕೊಯೆಲ್ಹೋ. ಬೊಮ್ಮಾಯಿ 356ನೇ ವಿಧಿಯ ಘೋಷಣೆಯ ಬಗ್ಗೆ ಅಲ್ವಾ, ತಿದ್ದುಪಡಿಯ ಪ್ರಶ್ನೆಗೆ ಅದು ಲೆಕ್ಕಕ್ಕೆ ಬರುತ್ತದೆಯೇ?

ಪುತ್ತೂರು ವಕೀಲ

ನೇರವಾಗಿ ಬರುವುದಿಲ್ಲ. ಅದು 1989ರಲ್ಲಿ ಕರ್ನಾಟಕ ಸರ್ಕಾರವನ್ನು ವಜಾ ಮಾಡಿದ್ದರಿಂದ ಹುಟ್ಟಿದ ಪ್ರಕರಣ, 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ತೀರ್ಪು. ಪರೀಕ್ಷೆಗೆ ಒಳಪಟ್ಟದ್ದು ರಾಷ್ಟ್ರಪತಿಗಳ ಘೋಷಣೆ, ತಿದ್ದುಪಡಿ ಅಲ್ಲ. ಮೂಲ ರಚನೆಯನ್ನು ತಿದ್ದುಪಡಿಯ ಆಚೆಗೂ ಬಳಸಿದರು ಎಂದು ತೋರಿಸಲು ಒಂದು ಸಾಲು ಬರೆಯಬಹುದು. ನೀವು ಎಷ್ಟು ಬರೆದಿದ್ದಿರಿ?

ಸೆಕೆಂಡ್ ಇಯರ್

ಒಂದೂವರೆ ಪುಟ.